‘ಬಂದು ಎರಡು ಮಾತಾಡಿ’ ಎಂದು ಕರೆಯುವ ಮುನ್ನ

ಫೆಬ್ರವರಿ ಬಂತೆಂದರೆ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಂದ ಡಾಕ್ಟರುಗಳಿಗೆ, ಅಧಿಕಾರಿಗಳಿಗೆ, ತರಬೇತುದಾರರಿಗೆ ಒಂದೇ ಥರದ ವಾಟ್ಸಾಪ್ ಸಂದೇಶ ಹೋಗತೊಡಗುತ್ತದೆ: ‘ಸರ್, ಮಾರ್ಚ್ 4ಕ್ಕೆ ನಮ್ಮಲ್ಲಿ ಸೇಫ್ಟಿ ಡೇ. ತಾವು ಮುಖ್ಯ ಅತಿಥಿಯಾಗಿ ಬಂದು ಎರಡು ಮಾತು ಆಡಬೇಕು.’

ಮರ್ಯಾದೆಯ ಮಾತೇ. ಆದರೆ ಇದನ್ನು ಓದಿದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಯಾರ ಮುಂದೆ, ಯಾವ ಭಾಷೆಯಲ್ಲಿ, ಯಾವುದರ ಬಗ್ಗೆ, ಬರುವುದು ಹೇಗೆ? ಒಪ್ಪಿಕೊಂಡರೂ ಅವರು ತಮ್ಮ ಬಳಿ ಇರುವ ಹಳೆಯ ಸ್ಲೈಡುಗಳನ್ನೇ ತರುತ್ತಾರೆ. ಪ್ರೆಸ್ ಶಾಪಿನ ಹುಡುಗರ ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಭಾಷಣ ಆಗಿಹೋಗುವುದು ಹೀಗೆ. ಭಾಷಣಕಾರರದ್ದೇನೂ ತಪ್ಪಿಲ್ಲ. ಕರೆದವರು ನಿರ್ಧರಿಸಬೇಕಾದ್ದನ್ನು ನಿರ್ಧರಿಸದೆ ಕರೆದಿದ್ದಾರೆ.

ಆಹ್ವಾನ ಪತ್ರ ಬರೆಯಲು ಅರ್ಧ ಗಂಟೆ ಸಾಕು. ಅದಕ್ಕೆ ಮೊದಲು ಕಾರ್ಖಾನೆಯೊಳಗೆ ಆಗಬೇಕಾದ ಕೆಲಸಕ್ಕೆ ಎರಡು ವಾರ ಬೇಕು. ಆ ಕೆಲಸ ಹೇಗೆ ನಡೆಯಬೇಕೆಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ನರಸಾಪುರದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ಪ್ರೆಸ್ ಶಾಪ್ ಮತ್ತು ಅಸೆಂಬ್ಲಿಯ ಎ, ಬಿ ಪಾಳಿಗಳಲ್ಲಿ ಸೇರಿ 180 ಜನ. ಎ ಪಾಳಿ ಬೆಳಗ್ಗೆ 6ರಿಂದ 2, ಬಿ ಪಾಳಿ 2ರಿಂದ ರಾತ್ರಿ 10, ಸಿ ಪಾಳಿ 10ರಿಂದ 6. ಕರೆಯಬೇಕೆಂದಿರುವುದು ಬೆಂಗಳೂರಿನ ಒಬ್ಬ ಕೈ ಶಸ್ತ್ರಚಿಕಿತ್ಸಕರನ್ನು. ವರ್ಷ 2027.

ಮೊದಲು ವಿಷಯ

‘ಸುರಕ್ಷತೆಯ ಮಹತ್ವ’ ಎಂಬ ವಿಷಯ ಕೊಟ್ಟರೆ ಯಾವ ವಿಷಯವನ್ನೂ ಕೊಟ್ಟಂತಾಗಲಿಲ್ಲ. ಮಾತು ಮುಗಿಸಿ ಹೊರಗೆ ಬಂದ ಆಪರೇಟರ್ ಏನು ಮಾಡಬಲ್ಲವನಾಗಿರಬೇಕು ಎಂದು ಮೊದಲು ಕೇಳಿಕೊಳ್ಳಬೇಕು. ಪ್ರೆಸ್ ಶಾಪಿನಲ್ಲಿ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಗಾರ್ಡ್, ಲೈಟ್ ಕರ್ಟನ್, ಎರಡು ಕೈಯಲ್ಲೂ ಒತ್ತಬೇಕಾದ ಬಟನ್, ಇವುಗಳ ಬಗ್ಗೆ ಒಳಗಿನವರೇ ಚೆನ್ನಾಗಿ ಹೇಳಬಲ್ಲರು. ಒಳಗಿನವರಿಗೆ ಹೇಳಲು ಬಾರದ್ದು, ಇಷ್ಟೆಲ್ಲ ಇದ್ದೂ ಒಂದು ಬೆರಳು ತುಂಡಾದರೆ ಮುಂದಿನ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂಬುದು. ಹೊರಗಿನವರು ಬೇಕಾಗುವುದು ಅಲ್ಲಿಗೆ.

ಆ ಅರ್ಧ ಗಂಟೆಯಲ್ಲಿ ಆಗುವ ತಪ್ಪುಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ತುಂಡಾದ ಬೆರಳನ್ನು ನೇರ ಐಸ್ ಮೇಲೆ ಇಡುತ್ತಾರೆ, ಮಾಂಸ ಹೆಪ್ಪುಗಟ್ಟಿ ಹಾಳಾಗುತ್ತದೆ. ಇಲ್ಲವೆ ನೀರಿನಲ್ಲಿ ಮುಳುಗಿಸುತ್ತಾರೆ, ಅದು ಊದಿಕೊಳ್ಳುತ್ತದೆ. ರಕ್ತ ನಿಲ್ಲಿಸಲು ಬೆರಳ ಬುಡಕ್ಕೆ ತಂತಿಯನ್ನೋ ರಬ್ಬರನ್ನೋ ಬಿಗಿಯುತ್ತಾರೆ, ಉಳಿದ ಭಾಗಕ್ಕೂ ಪೆಟ್ಟಾಗುತ್ತದೆ. ಮಾಡಬೇಕಾದ್ದು ಕಷ್ಟದ್ದೇನಲ್ಲ. ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಬೇಕು. ತುಂಡಾದ ಭಾಗವನ್ನು ಉಜ್ಜದೆ, ಸಲೈನಿನಲ್ಲಿ ನೆನೆಸಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಕು. ಆ ಕವರನ್ನು ಐಸ್ ಬೆರೆಸಿದ ನೀರಿರುವ ಡಬ್ಬಿಯಲ್ಲಿ ಇಡಬೇಕು. ಬೆರಳು ತಣ್ಣಗಿರಬೇಕು, ಆದರೆ ಐಸು ಅದಕ್ಕೆ ತಾಗಬಾರದು. ಇಷ್ಟನ್ನು ನೂರು ಜನರ ಕಣ್ಣೆದುರು ಮಾಡಿ ತೋರಿಸಿ, ‘ಯಾಕೆ’ ಎಂಬ ಪ್ರಶ್ನೆಗೆ ಅಧಿಕಾರದಿಂದ ಉತ್ತರಿಸಬಲ್ಲವರು ಅಂಥ ಕೈಗಳನ್ನು ಜೋಡಿಸಿದ ಡಾಕ್ಟರೇ.

ವಿಷಯ ಇಷ್ಟು ಕಿರಿದಾದಾಗ ಪತ್ರದ ಉಳಿದೆಲ್ಲ ಸಾಲುಗಳು ತಾವಾಗಿಯೇ ಹುಟ್ಟುತ್ತವೆ. 30 ನಿಮಿಷದ ಮಾತು, 10 ನಿಮಿಷದ ಪ್ರಶ್ನೆ ಸಾಕು. ಸ್ಲೈಡ್ ಬೇಕಿಲ್ಲ, ಮೇಜಿನ ಮೇಲೆ ಗಾಜ್, ಸಲೈನ್ ಬಾಟಲಿ, ಜಿಪ್ ಕವರ್, ಐಸ್ ಡಬ್ಬಿ ಬೇಕು.

ತಾರೀಖು: 4ನೇ ತಾರೀಖೇ ಏಕೆ ಬೇಡ

ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದದ್ದು 1966ರ ಮಾರ್ಚ್ 4ರಂದು. ಅದಕ್ಕೇ ಆ ದಿನ ಸುರಕ್ಷತಾ ದಿನ, ಅಲ್ಲಿಂದ 10ರವರೆಗೆ ಸಪ್ತಾಹ. ಬಾವುಟ ಹಾರಿಸುವುದು, ಪ್ರತಿಜ್ಞೆ ಓದಿಸುವುದು ಆ ದಿನ ಆಗಲಿ. ಹೊರಗಿನ ಭಾಷಣವೂ ಅಂದೇ ಆಗಬೇಕೆಂದು ಹಟ ಹಿಡಿದರೆ ಹೊಸಕೋಟೆಯಿಂದ ಮುಳಬಾಗಿಲಿನವರೆಗಿನ ಪ್ರತಿ ಕಾರ್ಖಾನೆಯ ಜೊತೆಗೂ ಅದೇ ನಾಲ್ಕಾರು ಜನರಿಗಾಗಿ ಪೈಪೋಟಿಗೆ ಇಳಿಯಬೇಕಾಗುತ್ತದೆ. ಇಲಾಖೆಯ ಅಧಿಕಾರಿಗಳಂತೂ ಅವತ್ತು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಓಡುತ್ತಿರುತ್ತಾರೆ.

2027ರ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. 4 ಗುರುವಾರ. 5 ಶುಕ್ರವಾರ, ಮಾರನೇ ದಿನ ಶಿವರಾತ್ರಿ, ಊರಿಗೆ ಹೊರಡುವವರು ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತಿರುತ್ತಾರೆ. ನಮಾಜಿಗೆ ಹೋಗುವವರೂ ಅದೇ ಹೊತ್ತಿಗೆ ಹೋಗಬೇಕು. 6 ಶಿವರಾತ್ರಿ, 7 ಭಾನುವಾರ. 8 ಮಹಿಳಾ ದಿನಾಚರಣೆ, ಎಚ್‌ಆರ್‌ನವರ ಕೈ ಅಂದು ಖಾಲಿ ಇರುವುದಿಲ್ಲ. ಚಂದ್ರದರ್ಶನಕ್ಕೆ ತಕ್ಕಂತೆ 10ರ ಆಸುಪಾಸಿನಲ್ಲಿ ರಂಜಾನ್ ಹಬ್ಬ, ಹಾಗಾಗಿ 9ಕ್ಕೂ ರಜೆಯ ಅರ್ಜಿಗಳು ಬಂದಿರುತ್ತವೆ. ಇಡೀ ಸಪ್ತಾಹದಲ್ಲಿ ಪೂರ್ತಿ ಹಾಜರಿ ಸಿಗುವ ದಿನವೇ ಇಲ್ಲ. ಫೆಬ್ರವರಿ ಕೊನೆಯ ಎರಡು ಮೂರು ದಿನ ತಿಂಗಳ ಡಿಸ್ಪ್ಯಾಚ್ ಗಡಿಬಿಡಿ.

ಹೀಗೆ ಒಂದೊಂದನ್ನೇ ಅಳಿಸುತ್ತಾ ಬಂದರೆ ಉಳಿಯುವುದು ಮಾರ್ಚ್‌ನ ಮೊದಲ ಮೂರು ದಿನ. ಅವುಗಳಲ್ಲಿ ನಡುವಿನ ಮಾರ್ಚ್ 2, ಮಂಗಳವಾರವನ್ನು ಹಿಡಿಯೋಣ. ಸಪ್ತಾಹಕ್ಕೆ ಎರಡು ದಿನ ಮೊದಲು. ಭಾಷಣಕಾರರೂ ಅಂದು ಬಿಡುವಾಗಿರುವ ಸಾಧ್ಯತೆ ಹೆಚ್ಚು. ಆದರೂ ಪತ್ರದಲ್ಲಿ ಎರಡನೇ ಆಯ್ಕೆಯಾಗಿ ಫೆಬ್ರವರಿ 23, ಮಂಗಳವಾರ ಎಂದೂ ಬರೆಯಬೇಕು. ಒಂದೇ ದಿನ ಕೊಟ್ಟರೆ ಬರುವ ಉತ್ತರ ‘ಆಗುವುದಿಲ್ಲ’ ಎಂದಿರಬಹುದು. ಎರಡು ಕೊಟ್ಟರೆ ಅವರು ಡೈರಿ ತೆಗೆದು ನೋಡುತ್ತಾರೆ. ಮೂರು ನಾಲ್ಕು ಕೊಟ್ಟರೆ ನಮ್ಮಲ್ಲೇ ಏನೂ ಗಟ್ಟಿಯಾಗಿಲ್ಲ ಎಂದು ಅವರಿಗೆ ಅನ್ನಿಸುತ್ತದೆ.

ಮೊದಲ ಫೋನ್ ಜನವರಿ ಎರಡನೇ ವಾರದಲ್ಲಿ ಆಗಬೇಕು. ಶಸ್ತ್ರಚಿಕಿತ್ಸಕರ ಆಪರೇಷನ್ ದಿನ, ಓಪಿಡಿ ದಿನ ವಾರಕ್ಕೆ ಗೊತ್ತಾಗಿರುತ್ತವೆ. ಆರು ವಾರ ಮುಂಚೆ ಹೇಳಿದರೆ ಆ ಒಂದು ದಿನಕ್ಕೆ ರೋಗಿಗಳನ್ನು ಹಾಕಿಕೊಳ್ಳದೆ ಇರಬಲ್ಲರು. ಹತ್ತು ದಿನ ಮುಂಚೆ ಹೇಳಿದರೆ ಯಾರದೋ ಆಪರೇಷನ್ ಮುಂದೂಡಬೇಕಾಗುತ್ತದೆ, ಅವರು ಅದನ್ನು ಮಾಡುವುದಿಲ್ಲ, ಮಾಡಲೂಬಾರದು.

ಹೊತ್ತು, ಮತ್ತು ಪ್ರೊಡಕ್ಷನ್ ಮ್ಯಾನೇಜರ್ ಸಹಿ

ಎ ಪಾಳಿಯವರನ್ನು 2 ಗಂಟೆಯ ಮೇಲೆ ಕೂರಿಸೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಅದು ಬೇಡ. ಬಂಗಾರಪೇಟೆ, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಬಸ್ಸುಗಳು 2.15ಕ್ಕೆ ಹೊರಡುತ್ತವೆ. ಬೆಳಗ್ಗೆ ನಾಲ್ಕಕ್ಕೆ ಎದ್ದವರು ಎಂಥ ಮಾತಿಗೂ ಕಿವಿ ಕೊಡುವುದಿಲ್ಲ. ಮೇಲಾಗಿ ಅದು ಓವರ್‌ಟೈಮ್ ಆಗುತ್ತದೆ, ಎರಡರಷ್ಟು ಕೂಲಿ ಕೊಡಬೇಕಾಗುತ್ತದೆ.

ಹಾಗಾಗಿ ಮಾತು ಪಾಳಿಯ ಒಳಗೇ ಆಗಬೇಕು, ಎರಡು ಸಲ. ಎ ಪಾಳಿಯ 90 ಜನಕ್ಕೆ 1.00ರಿಂದ 1.40. ಬಿ ಪಾಳಿಯ 90 ಜನಕ್ಕೆ 2.15ರಿಂದ 2.55, ಮೆಷಿನ್ ಚಾಲೂ ಮಾಡುವ ಮೊದಲೇ. ಲೆಕ್ಕದಲ್ಲಿ ಇದು 180 ಜನರ 40 ನಿಮಿಷ, ಅಂದರೆ 120 ಗಂಟೆ ದುಡಿಮೆ. ನಿಜವಾದ ಖರ್ಚು ಬೇರೆಯೇ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎ ಪಾಳಿಯವರು 12.50ಕ್ಕೆ ಪ್ರೆಸ್ ನಿಲ್ಲಿಸಿ ಬಂದರೆ 1.45ಕ್ಕೆ ಹಿಂದಿರುಗುತ್ತಾರೆ. ಮತ್ತೆ ಚಾಲೂ ಮಾಡಿ, ಮೊದಲ ಪೀಸ್ ಪಾಸ್ ಮಾಡಿಸಿಕೊಳ್ಳುವಷ್ಟರಲ್ಲಿ ಪಾಳಿಯೇ ಮುಗಿಯುತ್ತದೆ. ಬಿ ಪಾಳಿ ಶುರುವಾಗುವುದು 3.05ಕ್ಕೆ. ಪ್ರೆಸ್ ಲೈನ್ ನಿಂತದ್ದು 40 ನಿಮಿಷವಲ್ಲ, ಎರಡೂಕಾಲು ಗಂಟೆ.

ಇದನ್ನು ಮುಚ್ಚಿಟ್ಟು ಆಹ್ವಾನ ಕಳಿಸಿದರೆ ಆ ದಿನ ಪ್ರೊಡಕ್ಷನ್‌ನವರು ‘ಅರ್ಜೆಂಟ್ ಆರ್ಡರ್ ಇದೆ’ ಎಂದು 90ರಲ್ಲಿ 35 ಜನರನ್ನು ಮಾತ್ರ ಕಳಿಸುತ್ತಾರೆ. ಖಾಲಿ ಕುರ್ಚಿ ತುಂಬಿಸಲು ಆಫೀಸಿನವರನ್ನೂ ಟ್ರೇನಿಗಳನ್ನೂ ತಂದು ಕೂರಿಸುತ್ತಾರೆ. ಬೆರಳು ಅಪಾಯದಲ್ಲಿರುವವರು ಮೆಷಿನ್ ಮುಂದೆ ಇರುತ್ತಾರೆ, ಕೀಬೋರ್ಡ್ ಮುಂದಿನವರು ಭಾಷಣ ಕೇಳುತ್ತಾರೆ. ಅದಕ್ಕೆ ಲೆಕ್ಕವನ್ನು ಮೊದಲೇ ಪ್ರೊಡಕ್ಷನ್ ಮ್ಯಾನೇಜರ್ ಮುಂದಿಡಬೇಕು. ಎರಡೂಕಾಲು ಗಂಟೆಯನ್ನು ಒಂದೇ ನಿಲುಗಡೆಯೆಂದು ಪ್ಲಾನಿನಲ್ಲಿ ಬರೆಸಿ, ಆ ಹೊತ್ತಿಗೆ ಟೂಲ್‌ರೂಮಿನವರು ಡೈಗಳ ಬಾಕಿ ರಿಪೇರಿ ಮುಗಿಸುವಂತೆ ಗೊತ್ತುಮಾಡಿ, ಹಿಂದಿನ ವಾರವೇ ಅಷ್ಟು ಸ್ಟಾಕ್ ಮಾಡಿಟ್ಟುಕೊಂಡರೆ ಯಾರಿಗೂ ನಷ್ಟವಾಗದು. ಹೆಸರುಗಳ ಪಟ್ಟಿಯ ಮೇಲೆ ಅವರ ಸಹಿ ಬಿದ್ದ ನಂತರವೇ ಡಾಕ್ಟರಿಗೆ ಪತ್ರ ಹೋಗಬೇಕು.

ಸಿ ಪಾಳಿಯವರಿಗಾಗಿ ಡಾಕ್ಟರನ್ನು ರಾತ್ರಿಯವರೆಗೆ ಕಾಯಿಸಲಾಗದು. ಆ ಪಾಳಿಯ ಇಬ್ಬರು ಸೂಪರ್‌ವೈಸರುಗಳನ್ನು ಬಿ ಪಾಳಿಯ ಜೊತೆ ಕೂರಿಸಿ, ಅವರೇ ಮುಂದಿನ ರಾತ್ರಿಗಳಲ್ಲಿ ಅದೇ ಸಾಮಾನು ಇಟ್ಟುಕೊಂಡು ಮಾಡಿ ತೋರಿಸಬೇಕು. ವಿಡಿಯೋ ಮಾಡಿಕೊಳ್ಳುವುದಿದ್ದರೆ ಪತ್ರದಲ್ಲೇ ಅನುಮತಿ ಕೇಳಬೇಕು, ಕಾರ್ಖಾನೆಯ ಹೊರಗೆ ಹಂಚುವುದಿಲ್ಲ ಎಂದೂ ಬರೆಯಬೇಕು.

ಪಾತ್ರ: ಅತಿಥಿಯೋ, ಕಲಿಸುವವರೋ

ನಮ್ಮ ಕಡೆ ವೇದಿಕೆ ಕಾರ್ಯಕ್ರಮ ಎಂದರೆ ಅದಕ್ಕೊಂದು ಕ್ರಮ ಉಂಟು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಮಾತು, ವಂದನಾರ್ಪಣೆ. ಇವಕ್ಕೆಲ್ಲ ಬೆಲೆ ಇದೆ, ಬಿಡಬೇಕೆಂದು ಹೇಳುತ್ತಿಲ್ಲ. ಆದರೆ ಗಡಿಯಾರ ಹಿಡಿದು ಲೆಕ್ಕ ಹಾಕಿ. ಪ್ರಾರ್ಥನೆ 3 ನಿಮಿಷ, ಸ್ವಾಗತ 4, ದೀಪ 3 (ಗಾಳಿಗೆ ಆರಿದರೆ 5), ಪ್ರಾಸ್ತಾವಿಕ 6, ಸನ್ಮಾನ ಮತ್ತು ಫೋಟೋ 5, ಅಧ್ಯಕ್ಷರು 8, ವಂದನೆ 3. ಒಟ್ಟು 32. ನಲವತ್ತು ನಿಮಿಷದಲ್ಲಿ ಡಾಕ್ಟರಿಗೆ ಉಳಿದದ್ದು ಎಂಟು ನಿಮಿಷ. ಅರವತ್ತು ಕಿಲೋಮೀಟರ್ ದೂರದಿಂದ ಕರೆಸಿ ಎಂಟು ನಿಮಿಷ ಕೊಡುವುದು ಅವರಿಗೂ ಅಗೌರವ, ಕೇಳುವವರಿಗೂ ನಷ್ಟ.

ಆದ್ದರಿಂದ ‘ಮುಖ್ಯ ಅತಿಥಿ’ ಎಂಬ ಪದವನ್ನು ಯೋಚಿಸಿ ಬಳಸಬೇಕು. ಆ ಪದ ಕಂಡೊಡನೆ ಓದುವವರು ವೇದಿಕೆ, ಹಾರ, ಎರಡು ಒಳ್ಳೆಯ ಮಾತು ಎಂದು ಅರ್ಥ ಮಾಡಿಕೊಳ್ಳುತ್ತಾರೆ, ಅಷ್ಟಕ್ಕೇ ತಯಾರಾಗಿ ಬರುತ್ತಾರೆ. ಇಲ್ಲಿ ಬೇಕಿರುವುದು ‘ಪ್ರಾತ್ಯಕ್ಷಿಕೆಯೊಂದಿಗೆ ಉಪನ್ಯಾಸ’. ಪತ್ರದಲ್ಲಿ ಅದನ್ನೇ ಬರೆಯಿರಿ, ಜೊತೆಗೆ ಏನು ಇರುವುದಿಲ್ಲ ಎಂಬುದನ್ನೂ ಬರೆಯಿರಿ: ವೇದಿಕೆ ಕಾರ್ಯಕ್ರಮ ಇರುವುದಿಲ್ಲ, ಬೇರೆ ಭಾಷಣಗಳಿಲ್ಲ, ಒಂದು ನಿಮಿಷದ ಪರಿಚಯದ ನಂತರ ಪೂರ್ತಿ ಸಮಯ ತಮ್ಮದು. ಶಾಲು, ಹಣ್ಣಿನ ಬುಟ್ಟಿಯ ಗೌರವ ಎರಡನೇ ಅವಧಿ ಮುಗಿದ ಮೇಲೆ 3 ಗಂಟೆಗೆ ಆಗಲಿ. ಆಗ ಯಾವ ಗಡಿಯಾರವೂ ಓಡುತ್ತಿರುವುದಿಲ್ಲ.

ಪ್ಲಾಂಟ್ ಮುಖ್ಯಸ್ಥರು ಮಾತಾಡಲೇಬೇಕು ಎಂಬ ಒತ್ತಾಯ ಬಂದರೆ ಅವರಿಗೆ 4ನೇ ತಾರೀಖಿನ ಪ್ರತಿಜ್ಞೆಯ ಸಭೆ ಇದೆ. ಇದನ್ನು ಅವರಿಗೆ ಮೊದಲೇ, ಮುಖತಃ ಹೇಳಬೇಕು. ಆ ದಿನ ಬೆಳಗ್ಗೆ ಕಾರ್ಯಕ್ರಮದ ಪಟ್ಟಿ ನೋಡಿ ತಿಳಿದುಕೊಳ್ಳುವಂತಾಗಬಾರದು.

ಕೂತವರು ಯಾರು

ಪತ್ರದಲ್ಲಿ ಅತ್ಯಂತ ಉಪಯೋಗದ ಪ್ಯಾರಾ ಇದು. ಸಾಮಾನ್ಯವಾಗಿ ಇಲ್ಲದೇ ಹೋಗುವುದೂ ಇದೇ. ‘ನಮ್ಮ ಸಿಬ್ಬಂದಿ’ ಎಂದರೆ ಸಾಲದು.

ಕೋಲಾರದ ಕಾರ್ಖಾನೆಯಲ್ಲಿ ಕೂತವರ ಭಾಷೆ ಒಂದಲ್ಲ. ಊರಿನ ಹುಡುಗರಲ್ಲಿ ಬಹಳ ಜನ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಅವರಿಗೆ ಮಾತಾಡುವ ಕನ್ನಡ ಸಲೀಸು. ‘ರಕ್ತಸ್ರಾವ’, ‘ವಿಚ್ಛೇದಿತ ಅಂಗ’ ಎಂದರೆ ಮುಖ ನೋಡುತ್ತಾರೆ, ‘ರಕ್ತ ಸೋರೋದು’, ‘ತುಂಡಾದ ಬೆರಳು’ ಎಂದರೆ ಕಿವಿ ನಿಮಿರುತ್ತದೆ. ಗುತ್ತಿಗೆಯ ಕೆಲಸಗಾರರಲ್ಲಿ ಒಡಿಶಾ, ಬಿಹಾರ, ಅಸ್ಸಾಮಿನವರು ಇರುತ್ತಾರೆ, ಅವರಿಗೆ ಹಿಂದಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸಾಲು ಸಾಲಾಗಿ ಅನುವಾದ ಮಾಡಿಸಿದರೆ 30 ನಿಮಿಷದ ಮಾತು 15 ನಿಮಿಷಕ್ಕೆ ಇಳಿಯುತ್ತದೆ, ಅರ್ಧ ಸಭೆ ಯಾವಾಗಲೂ ಸುಮ್ಮನೆ ಕಾಯುತ್ತಿರುತ್ತದೆ. ಹಿಂದಿಯವರನ್ನು ಆದಷ್ಟು ಒಂದೇ ಅವಧಿಗೆ ಸೇರಿಸುವುದು ಮೇಲು. ನಮ್ಮ ಉದಾಹರಣೆಯಲ್ಲಿ ಎ ಪಾಳಿ ಪೂರ್ತಿ ಕನ್ನಡ. ಬಿ ಪಾಳಿಯ 90ರಲ್ಲಿ 50 ಜನ ಹಿಂದಿ ಬಲ್ಲವರು, ಅಲ್ಲಿ ಡಾಕ್ಟರು ಹಿಂದಿಯಲ್ಲಿ ಮಾತಾಡಿದರೆ, ಉಳಿದ 40 ಜನರ ಪಕ್ಕದಲ್ಲಿ ನಿಂತ ಸೂಪರ್‌ವೈಸರ್ ಪ್ರತಿ ಹಂತಕ್ಕೂ ಒಂದೊಂದು ಸಾಲು ಕನ್ನಡದಲ್ಲಿ ಹೇಳುತ್ತಾನೆ. ಕೈಯಲ್ಲಿ ಮಾಡಿ ತೋರಿಸುವ ವಿಷಯವಾದ್ದರಿಂದ ಅಷ್ಟು ಸಾಕಾಗುತ್ತದೆ. ಡಾಕ್ಟರಿಗೆ ಹಿಂದಿ ಬರುತ್ತದೆಯೇ ಎಂದು ಮೊದಲ ಫೋನಿನಲ್ಲೇ ಕೇಳಿ.

ಇನ್ನೆರಡು ಮಾತು ಡಾಕ್ಟರಿಗೆ ಮೊದಲೇ ತಿಳಿದಿರಬೇಕು. ಒಂದು, ರಕ್ತಸಿಕ್ತ ಫೋಟೋ ಬೇಡ, ಇದು ಪತ್ರದಲ್ಲೇ ಇರಲಿ. ಊಟ ಮಾಡಿ ಬಂದವರು, ಉಪವಾಸ ಇರುವವರು ಇಬ್ಬರೂ ಸಭೆಯಲ್ಲಿರುತ್ತಾರೆ. ಅಂಥ ಚಿತ್ರ ನೋಡಿ ತಲೆ ತಿರುಗಿ ಬೀಳುವವರಿರುತ್ತಾರೆ, ಉಳಿದವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಕಲಿಯಬೇಕಾದ ಕ್ಷಣ ಅಲ್ಲೇ ಕಳೆದುಹೋಗುತ್ತದೆ. ಹತ್ತಿ ತುಂಬಿದ ಗ್ಲೌಸಿನ ಬೆರಳು ಕತ್ತರಿಸಿಟ್ಟರೆ ಪ್ರಾತ್ಯಕ್ಷಿಕೆಗೆ ಧಾರಾಳ. ಎರಡು, ಆ ಕಾರ್ಖಾನೆಯಲ್ಲಿ ಹಿಂದೆ ಅಪಘಾತ ಆಗಿದ್ದು, ಆ ವ್ಯಕ್ತಿ ಈಗಲೂ ಕೆಲಸದಲ್ಲಿದ್ದರೆ, ಅದನ್ನು ಡಾಕ್ಟರಿಗೆ ಫೋನಿನಲ್ಲಿ ಮುಂಚೆಯೇ ತಿಳಿಸಬೇಕು. ಹೆಸರು ಹೇಳಬೇಕಾಗಿಲ್ಲ. ‘ಬೆರಳು ಹೋದರೆ ಜೀವನವೇ ಹೋಯಿತು’ ಎಂಬಂಥ ಮಾತು ಆ ಒಬ್ಬನ ಮುಂದೆ ಬರದಂತೆ ಅವರೇ ನೋಡಿಕೊಳ್ಳುತ್ತಾರೆ.

ಪತ್ರ

ಇಷ್ಟಾದ ಮೇಲೆ ಬರೆಯಲು ಕೂತರೆ ಪತ್ರ ಒಂದು ಪುಟ ದಾಟುವುದಿಲ್ಲ. ಹೀಗಿರಬಹುದು:

> ಮಾನ್ಯ ಡಾಕ್ಟರ್ ಅವರಿಗೆ, ನಮಸ್ಕಾರಗಳು.
>
> ನಿನ್ನೆ ಫೋನಿನಲ್ಲಿ ಮಾತಾಡಿದಂತೆ, ನರಸಾಪುರದ ನಮ್ಮ ಕಾರ್ಖಾನೆಯಲ್ಲಿ 2027ರ ಮಾರ್ಚ್ 2, ಮಂಗಳವಾರ, ‘ಬೆರಳು ತುಂಡಾದಾಗ ಮೊದಲ ಅರ್ಧ ಗಂಟೆ’ ಎಂಬ ವಿಷಯವಾಗಿ ಪ್ರಾತ್ಯಕ್ಷಿಕೆಯೊಂದಿಗೆ ಉಪನ್ಯಾಸ ನೀಡಬೇಕೆಂದು ಕೋರುತ್ತೇವೆ. ಆ ದಿನ ಅನುಕೂಲವಾಗದಿದ್ದರೆ ಫೆಬ್ರವರಿ 23, ಮಂಗಳವಾರವೂ ಆಗಬಹುದು.
>
> ಒಂದೇ ಉಪನ್ಯಾಸ ಎರಡು ಅವಧಿಯಲ್ಲಿ: ಮಧ್ಯಾಹ್ನ 1.00ರಿಂದ 1.40 ಮತ್ತು 2.15ರಿಂದ 2.55. ಪ್ರತಿ ಅವಧಿಯಲ್ಲಿ 30 ನಿಮಿಷ ತಮ್ಮ ಮಾತು, 10 ನಿಮಿಷ ಪ್ರಶ್ನೆಗಳು. ವೇದಿಕೆ ಕಾರ್ಯಕ್ರಮವಾಗಲಿ ಬೇರೆ ಭಾಷಣಗಳಾಗಲಿ ಇರುವುದಿಲ್ಲ.
>
> ಕೇಳುವವರು ಪ್ರೆಸ್ ಮತ್ತು ಅಸೆಂಬ್ಲಿ ವಿಭಾಗದ ಕೆಲಸಗಾರರು, ಪ್ರತಿ ಅವಧಿಗೆ 90 ಜನ. ಹೆಚ್ಚಿನವರು ಐಟಿಐ ಅಥವಾ ಎಸ್ಸೆಸ್ಸೆಲ್ಸಿ ಓದಿದವರು. ಮೊದಲ ಅವಧಿ ಕನ್ನಡದಲ್ಲಿ, ಎರಡನೆಯದು ಮುಖ್ಯವಾಗಿ ಹಿಂದಿಯಲ್ಲಿ ಇದ್ದರೆ ಅನುಕೂಲ. ಗಾಯದ ಫೋಟೋಗಳನ್ನು ತೋರಿಸದಂತೆ ವಿನಂತಿ.
>
> ಗಾಜ್, ಸಲೈನ್, ಕವರ್, ಐಸ್ ಡಬ್ಬಿ, ಕಾಲರ್ ಮೈಕ್ ನಾವು ಸಿದ್ಧವಿಡುತ್ತೇವೆ. ಬೇರೆ ಏನಾದರೂ ಬೇಕಿದ್ದರೆ ತಿಳಿಸಿ.
>
> ತಮ್ಮ ಆಸ್ಪತ್ರೆಯಿಂದ ಬೆಳಗ್ಗೆ 10.00ಕ್ಕೆ ನಮ್ಮ ಕಾರು ಹೊರಡುತ್ತದೆ. ಊಟದ ವ್ಯವಸ್ಥೆ ಇಲ್ಲಿಯೇ. 3.30ಕ್ಕೆ ಅದೇ ಕಾರಿನಲ್ಲಿ ವಾಪಸ್. ಗೌರವಧನ 10,000 ರೂಪಾಯಿ, ಉಪನ್ಯಾಸ ಮುಗಿದ ಏಳು ದಿನದೊಳಗೆ ತಮ್ಮ ಖಾತೆಗೆ.
>
> ಜನವರಿ 25ರೊಳಗೆ ಒಪ್ಪಿಗೆ ತಿಳಿಸಿದರೆ ಉಪಕಾರವಾಗುತ್ತದೆ.

ಕೊನೆಯಲ್ಲಿ ಇಬ್ಬರ ಹೆಸರು, ಇಬ್ಬರ ಮೊಬೈಲ್ ನಂಬರ್ ಇರಲಿ. ಆ ದಿನ ಒಬ್ಬರು ಮೀಟಿಂಗಿನಲ್ಲಿ ಸಿಕ್ಕಿಬಿದ್ದರೆ ಇನ್ನೊಬ್ಬರು ಫೋನ್ ಎತ್ತಬೇಕು. ಪತ್ರವನ್ನು ಇಮೇಲಿನಲ್ಲಿ ಕಳಿಸಿ, ಅದೇ ಕಡತವನ್ನು ವಾಟ್ಸಾಪ್‌ನಲ್ಲೂ ಹಾಕಿ. ಡಾಕ್ಟರು ಆಸ್ಪತ್ರೆಯ ಕಾರಿಡಾರಿನಲ್ಲಿ ಹುಡುಕುವುದು ವಾಟ್ಸಾಪ್‌ನಲ್ಲೇ. ಸರ್ಕಾರಿ ಆಸ್ಪತ್ರೆಯವರನ್ನೋ ಇಲಾಖೆಯ ಅಧಿಕಾರಿಯನ್ನೋ ಕರೆಯುವುದಾದರೆ ಪತ್ರ ಅವರ ಕಚೇರಿಯ ಮುಖ್ಯಸ್ಥರ ಮೂಲಕ ಹೋಗಬೇಕು. ಅನುಮತಿ ಬರುವ ಹೊತ್ತನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ, ಗೌರವಧನ ಪಡೆಯಬಹುದೇ ಎಂಬುದನ್ನು ಅವರೇ ಹೇಳಲಿ.

ಹಣದ ಮಾತು ಎತ್ತಲು ಸಂಕೋಚಪಡುವುದು ನಮ್ಮ ಸ್ವಭಾವ. ಭಾಷಣಕಾರರೂ ಕೇಳುವುದಿಲ್ಲ. ಅದಕ್ಕೇ ಕರೆಯುವವರೇ ಅಂಕಿಯನ್ನು ಬರೆಯಬೇಕು. ಬೇಡ ಎನ್ನುವುದು ಅವರಿಗೆ ಬಿಟ್ಟದ್ದು. ಎಡವುವುದು ಇದರ ಮುಂದಿನ ಹಂತದಲ್ಲಿ. ಅಕೌಂಟ್ಸ್‌ನವರು ಭಾಷಣ ಮುಗಿದ ಮೇಲೆ ಪ್ಯಾನ್, ರದ್ದು ಮಾಡಿದ ಚೆಕ್, ವೆಂಡರ್ ಫಾರಂ ಕೇಳುತ್ತಾರೆ, ಆಮೇಲೆ 45 ದಿನದ ನಿಯಮ ತೋರಿಸುತ್ತಾರೆ. ಏಳು ದಿನ ಎಂದು ಪತ್ರದಲ್ಲಿ ಬರೆಯುವ ಮೊದಲೇ ಅಕೌಂಟ್ಸ್‌ನಿಂದ ಒಪ್ಪಿಗೆ ಪಡೆದು, ಕಾಗದಗಳನ್ನು ಫೆಬ್ರವರಿಯಲ್ಲೇ ತರಿಸಿಕೊಳ್ಳಿ. ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ಕೊಟ್ಟ ವೃತ್ತಿ ಶುಲ್ಕ 50,000 ರೂಪಾಯಿ ದಾಟಿದರೆ ಶೇಕಡಾ 10 ಟಿಡಿಎಸ್ ಹಿಡಿಯಬೇಕು. ಇಲ್ಲಿ ಅದರ ಪ್ರಶ್ನೆ ಬರುವುದಿಲ್ಲ.

ಜಾಗ, ದಾರಿ, ಗೇಟು

ತೊಂಬತ್ತು ಜನ ಹಿಡಿಸುವ ಜಾಗ ಹೆಚ್ಚಿನ ಕಡೆ ಕ್ಯಾಂಟೀನೇ. ಅಲ್ಲಿ ಮೂರು ಶತ್ರುಗಳು: ತಗಡಿನ ಚಾವಣಿಯ ಕೆಳಗಿನ ಮಾರ್ಚ್ ಬಿಸಿಲು, ಎಕ್ಸಾಸ್ಟ್ ಫ್ಯಾನಿನ ಸದ್ದು, ಪಾತ್ರೆ ತೊಳೆಯುವ ಸದ್ದು. ಊಟವನ್ನು ಅರ್ಧ ಗಂಟೆ ಹಿಂದಕ್ಕೆ ತಂದು 12.30ಕ್ಕೆ ಮುಗಿಸಿ, ಪಾತ್ರೆ ತೊಳೆಯುವುದನ್ನು 3 ಗಂಟೆಯ ಮೇಲಕ್ಕೆ ಹಾಕಬೇಕು. ಕ್ಯಾಂಟೀನ್ ಗುತ್ತಿಗೆದಾರರಿಗೆ ಇದನ್ನು ಹಿಂದಿನ ದಿನ ಹೇಳಿದರೆ ಆಗುವುದಿಲ್ಲ, ಅವರ ಹುಡುಗರ ಪಾಳಿಯೂ ಬದಲಾಗಬೇಕು. ಮೈಕನ್ನು ಹಿಂದಿನ ದಿನ ಮಧ್ಯಾಹ್ನ 1 ಗಂಟೆಗೇ, ಅಂದರೆ ಅದೇ ಸದ್ದಿನ ನಡುವೆ, ಪರೀಕ್ಷಿಸಿ. ಸಂಜೆ ಖಾಲಿ ಹಾಲಿನಲ್ಲಿ ಕೇಳಿಸಿದ್ದು ಮಾರನೇ ದಿನ ಕೇಳಿಸದು. ಮೈಕಿಗೆ ಹೊಸ ಸೆಲ್, ಜೊತೆಗೊಂದು ವೈರ್ ಇರುವ ಮೈಕ್ ಇಟ್ಟಿರಿ. ಕರೆಂಟು ಹೋಗಿ ಜನರೇಟರ್ ಬರುವ ಕೆಲವೇ ಸೆಕೆಂಡಿನಲ್ಲಿ ಆಂಪ್ಲಿಫೈಯರ್ ಆಫ್ ಆಗದಂತೆ ಅದನ್ನು ಯುಪಿಎಸ್‌ಗೆ ಹಾಕಿ. ಪ್ರಾತ್ಯಕ್ಷಿಕೆಯ ಮೇಜನ್ನು ಗೋಡೆಗೆ ಒರಗಿಸದೆ ನಡುವೆ ಇಟ್ಟು, ಮೂರು ಕಡೆ ಕುರ್ಚಿ ಹಾಕಿದರೆ ಕೊನೆಯ ಸಾಲಿಗೂ ಕೈ ಕಾಣುತ್ತದೆ.

ಬೆಂಗಳೂರಿನಿಂದ ನರಸಾಪುರ ಸುಮಾರು 50 ಕಿಲೋಮೀಟರ್, ಡಾಕ್ಟರು ಊರಿನ ಪಶ್ಚಿಮ ಭಾಗದವರಾದರೆ ಇನ್ನೂ ಹೆಚ್ಚು. ಹೊತ್ತು ತಿನ್ನುವುದು ಹೆದ್ದಾರಿಯಲ್ಲ, ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರ ದಾಟುವವರೆಗಿನ ದಾರಿ. ಹೊಸಕೋಟೆಯ ನಂತರ ಕೋಲಾರದ ಹಳೆಯ ಹೆದ್ದಾರಿಯಲ್ಲೇ, ಅಂದರೆ ರಾಷ್ಟ್ರೀಯ ಹೆದ್ದಾರಿ 75ರಲ್ಲೇ ಬರಬೇಕು. ಅಲ್ಲಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ತಿರುಗಿದರೆ ಕಾರು ಮಾಲೂರಿನ ಕಡೆ ಹೊರಟುಹೋಗುತ್ತದೆ. ಇದನ್ನು ಡ್ರೈವರಿಗೆ ಬಾಯಲ್ಲೇ ಹೇಳಿ, ಮ್ಯಾಪಿಗೆ ಬಿಡಬೇಡಿ. 10ಕ್ಕೆ ಹೊರಟವರು 12.15ಕ್ಕೆ ತಲುಪುತ್ತಾರೆಂದು ಹಿಡಿದರೆ ಪ್ರೆಸ್ ಶಾಪಿನಲ್ಲಿ ಹದಿನೈದು ನಿಮಿಷ ಸುತ್ತಾಡಲು ಹೊತ್ತು ಸಿಗುತ್ತದೆ. ಆ ಸುತ್ತಾಟವನ್ನು ಬಿಡಬೇಡಿ. ಕಣ್ಣಾರೆ ಕಂಡ ಮೆಷಿನಿನ ಹೆಸರು ಹಿಡಿದು ಡಾಕ್ಟರು ಮಾತು ಶುರುಮಾಡಿದರೆ ಕೂತವರು ನೆಟ್ಟಗಾಗುತ್ತಾರೆ. ಊಟ ಎರಡು ಅವಧಿಗಳ ನಡುವಿನ 35 ನಿಮಿಷದಲ್ಲಿ, ಪಕ್ಕದ ಕೋಣೆಯಲ್ಲಿ. ಹೊರಗಿನ ಹೋಟೆಲಿಗೆ ಕರೆದೊಯ್ದರೆ ಎರಡನೇ ಅವಧಿ ತಪ್ಪಿದಂತೆಯೇ.

ಗೇಟಿನಲ್ಲಿ ಕಾಯಿಸುವುದು ತೀರ ಸಾಮಾನ್ಯ, ತೀರ ಬೇಸರ ತರುವಂಥದ್ದು. ವಾಹನ ನಂಬರ್, ಡ್ರೈವರ್ ಹೆಸರು, ಲ್ಯಾಪ್‌ಟಾಪ್ ಇದ್ದರೆ ಅದರ ಸೀರಿಯಲ್ ನಂಬರ್ ಹಿಂದಿನ ದಿನವೇ ಸೆಕ್ಯುರಿಟಿಗೆ ಹೋಗಿರಬೇಕು. ಫೋನಿನ ಕ್ಯಾಮರಾಗೆ ಸ್ಟಿಕ್ಕರ್ ಹಚ್ಚುವ ನಿಯಮವಿದ್ದರೆ ಅದನ್ನು ಮೊದಲೇ ಡಾಕ್ಟರಿಗೆ ತಿಳಿಸಿ. ಶಾಪಿನೊಳಗೆ ಹೋಗಲು ಸೇಫ್ಟಿ ಶೂ ಬೇಕಲ್ಲ, ಅಳತೆ ಕೇಳಿಟ್ಟುಕೊಳ್ಳಿ. ಮಹಿಳೆಯಾದರೆ ಸೀರೆ, ದುಪಟ್ಟಾ ಶಾಪಿನೊಳಗೆ ಆಗುವುದಿಲ್ಲ ಎಂಬುದನ್ನೂ ಹೇಳಿರಬೇಕು. ಕರೆದವರೇ ಗೇಟಿನಲ್ಲಿ ನಿಂತಿದ್ದರೆ ಉಳಿದ ಕೊರತೆಗಳೆಲ್ಲ ಚಿಕ್ಕವಾಗುತ್ತವೆ.

ಬರಲಾಗದಿದ್ದರೆ

ಕೈ ಶಸ್ತ್ರಚಿಕಿತ್ಸಕರನ್ನು ಕರೆದಾಗ ಒಂದು ಸಾಧ್ಯತೆ ಸದಾ ಇರುತ್ತದೆ. ಯಾರದೋ ಬೆರಳು ತುಂಡಾಗಿ ಬಂದಿರಬಹುದು, ಅವರು ಅಲ್ಲೇ ಇರಬೇಕಾಗಬಹುದು. ಇದಕ್ಕೆ ಬೇಸರಿಸುವಂತಿಲ್ಲ, ಸಿದ್ಧರಾಗಿರಬೇಕು. ಒಪ್ಪಿಗೆ ಬಂದ ದಿನವೇ ‘ತುರ್ತು ಬಂದರೆ ತಮ್ಮ ವಿಭಾಗದ ಇನ್ನೊಬ್ಬರು ಬರಬಹುದೇ’ ಎಂದು ಕೇಳಿಡಿ. ಮೂರು ವಾರ ಮುಂಚೆ ಡಾಕ್ಟರು ಮತ್ತು ಪ್ರೆಸ್ ಶಾಪ್ ಸೂಪರ್‌ವೈಸರ್ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಲಿ, ಹಂತಗಳನ್ನು ಸೂಪರ್‌ವೈಸರ್ ಬರೆದುಕೊಳ್ಳಲಿ. ಯಾರೂ ಬರಲಾಗದ ದಿನ ಕಾರ್ಖಾನೆಯ ಪ್ರಥಮ ಚಿಕಿತ್ಸಕರು ಆ ಬರಹ ಹಿಡಿದು ಪ್ರಾತ್ಯಕ್ಷಿಕೆಯನ್ನಾದರೂ ನಡೆಸಬಲ್ಲರು. ನಿಲ್ಲಿಸಿದ ಪ್ರೆಸ್ಸುಗಳ ಎರಡೂಕಾಲು ಗಂಟೆ ವ್ಯರ್ಥವಾಗುವುದಿಲ್ಲ.

ರದ್ದು ಮಾಡುವುದು ಕಾರ್ಖಾನೆಯ ಕಡೆಯಿಂದಲೇ ಆದರೆ, ಕರೆದವರೇ, ತಿಳಿದ ಗಂಟೆಯೊಳಗೇ ಫೋನ್ ಮಾಡಬೇಕು. ಅವರು ಆ ದಿನಕ್ಕೆ ರೋಗಿಗಳನ್ನು ಹಾಕಿಕೊಳ್ಳದೆ ಕಾದಿರುತ್ತಾರೆ.

ವಾರದ ಮೊದಲು ಒಂದು ಫೋನ್, ಹಿಂದಿನ ಸಂಜೆ 5ಕ್ಕೆ ಡ್ರೈವರ್ ಹೆಸರು, ಕಾರಿನ ನಂಬರ್, ಹೊರಡುವ ಹೊತ್ತು ಇರುವ ಒಂದು ಸಂದೇಶ. ಅದಕ್ಕಿಂತ ಹೆಚ್ಚು ಸಲ ನೆನಪಿಸಿದರೆ ಕಿರಿಕಿರಿ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳನ್ನು ಒಬ್ಬರು ಬರೆದುಕೊಂಡಿರಬೇಕು. ‘ರಾತ್ರಿ ಪಾಳಿಯಲ್ಲಿ ಐಸ್ ಎಲ್ಲಿಂದ ತರೋದು ಸಾರ್?’ ಎಂದು ಯಾರಾದರೂ ಖಂಡಿತ ಕೇಳುತ್ತಾರೆ. ಕ್ಯಾಂಟೀನಿನ ಫ್ರೀಜರಿಗೆ ರಾತ್ರಿ ಬೀಗ ಹಾಕಿರುತ್ತದೆ ಎಂಬುದು ಆಗಲೇ ಎಲ್ಲರಿಗೂ ಹೊಳೆಯುವುದು. ಅದಕ್ಕೆ ಉತ್ತರ ಡಾಕ್ಟರು ಕೊಡಲಾರರು. ಆ ಬೀಗದ ಇನ್ನೊಂದು ಕೀಲಿ ಸಿ ಪಾಳಿಯ ಸೂಪರ್‌ವೈಸರ್ ಕೈಗೆ ಹೋಗಿ, ಪ್ರತಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೂ ಎರಡೆರಡು ಜಿಪ್ ಕವರ್, ಒಂದು ಸಲೈನ್ ಬಾಟಲಿ ಸೇರಿದ ಮೇಲೆ, ಆ ವಿಷಯವನ್ನೂ ಬರೆದು ಡಾಕ್ಟರಿಗೆ ಧನ್ಯವಾದದ ಪತ್ರ ಕಳಿಸಿ.